ಸಾಲಾಗಿ ಎದ್ದ ಗುಳ್ಳೆ: ತಿಗಣೆಯೋ, ಸೊಳ್ಳೆಯೋ, ಮಗುವಿನ ಮೈಯ ಅಲರ್ಜಿಯೋ?

ದುಗ್ಗಮ್ಮನ ಜಾತ್ರೆ ಮುಗಿದು ಮೂರು ವಾರವಾಗಿತ್ತು. ದಾವಣಗೆರೆಯ ನಿಟುವಳ್ಳಿಯಿಂದ ಒಬ್ಬ ತಾಯಿ ಐದು ವರ್ಷದ ಮಗನನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ಜೊತೆಯಲ್ಲಿ ಹುಡುಗನ ಅಜ್ಜಿಯೂ ಇದ್ದರು. ಹುಡುಗನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ನಾಲ್ಕು ಕೆಂಪು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದಿದ್ದವು. ಎರಡೂ ಕಾಲುಗಳಲ್ಲಿ, ಮೊಣಕಾಲಿನಿಂದ ಕೆಳಗೆ, ಬೇರೆಯೇ ರೀತಿಯ ಗುಳ್ಳೆಗಳು: ಸಣ್ಣವು, ಗಟ್ಟಿಯಾದವು, ಕೆಲವು ಕೆರೆದು ಹಕ್ಕಳೆಗಟ್ಟಿದವು, ಅವುಗಳ ನಡುವೆ ಹಳೆಯ ಕಪ್ಪು ಕಲೆಗಳು.

"ನಂಜಾಗಿದೆ ಡಾಕ್ಟರೇ. ಬದನೆಕಾಯಿ, ಮೊಟ್ಟೆ, ಶೇಂಗಾ ಎಲ್ಲ ಬಿಡಿಸಿದ್ದೇವೆ. ಆದರೂ ಕಡಿಮೆಯಾಗಿಲ್ಲ" ಎಂದರು ಅಜ್ಜಿ.

ತಾಯಿಗೆ ಸೊಳ್ಳೆಯ ಮೇಲೆ ಅನುಮಾನ. "ಹಾಸಿಗೆಯಲ್ಲಿ ಏನಾದರೂ ಇರಬಹುದೇ ಎಂದು ನನಗೂ ಅನಿಸಿತ್ತು. ಆದರೆ ಇವನು ಮಲಗುವುದು ಅತ್ತೆಯ ಪಕ್ಕದಲ್ಲಿ. ಅವರ ಮೈಮೇಲೆ ಒಂದು ಗುಳ್ಳೆಯೂ ಇಲ್ಲವಲ್ಲ" ಎಂದರು.

ಈ ಕೊನೆಯ ಮಾತನ್ನು ನಾನು ವರ್ಷಕ್ಕೆ ಎಷ್ಟೋ ಬಾರಿ ಕೇಳುತ್ತೇನೆ. ಹೆಚ್ಚಿನ ಮನೆಗಳು ದಾರಿ ತಪ್ಪುವುದು ಇಲ್ಲಿಯೇ. ಈ ಹುಡುಗನ ಮೈಮೇಲೆ ಮೂರೂ ಒಟ್ಟಿಗೆ ಇದ್ದವು. ಅವುಗಳನ್ನು ಹೇಗೆ ಬಿಡಿಸಿ ನೋಡಿದೆವು ಎಂಬುದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲು ಒಂದು ತಿಳಿವಳಿಕೆ

ಗುಳ್ಳೆ ಎಂದರೆ ಕಡಿತದ ಗಾಯವಲ್ಲ. ಹುಳ ರಕ್ತ ಹೀರುವಾಗ ಚರ್ಮದೊಳಗೆ ಬಿಡುವ ಜೊಲ್ಲಿಗೆ ನಮ್ಮ ಮೈ ಕೊಡುವ ಉತ್ತರವೇ ಗುಳ್ಳೆ. ಆ ಉತ್ತರ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಒಂದೇ ರಾತ್ರಿ, ಒಂದೇ ಕೌದಿಯೊಳಗೆ, ಒಂದೇ ತಿಗಣೆ ಅಜ್ಜಿಯನ್ನೂ ಮೊಮ್ಮಗನನ್ನೂ ಕಚ್ಚಿದರೆ ಮೊಮ್ಮಗನ ಕೈ ಊದಿಕೊಳ್ಳಬಹುದು, ಅಜ್ಜಿಗೆ ಏನೂ ಆಗದಿರಬಹುದು. ಆದ್ದರಿಂದ "ಪಕ್ಕದಲ್ಲಿ ಮಲಗಿದವರಿಗೆ ಏನೂ ಇಲ್ಲ" ಎಂಬ ಸಾಕ್ಷಿಯನ್ನು ನಂಬಿ ಹಾಸಿಗೆಯನ್ನು ಬಿಟ್ಟುಬಿಡಬೇಡಿ.

ಇನ್ನೊಂದು ಮಾತು. ವೈದ್ಯರು ಚೀಟಿಯಲ್ಲಿ "ಪ್ಯಾಪ್ಯುಲರ್ ಅರ್ಟಿಕೇರಿಯಾ" ಎಂದು ಬರೆದರೆ ಅದು ಮೂರನೆಯ ಹುಳದ ಹೆಸರಲ್ಲ. ಸೊಳ್ಳೆ, ತಿಗಣೆ, ನಾಯಿ ಬೆಕ್ಕುಗಳ ಚಿಗಟ, ಇವುಗಳಲ್ಲಿ ಯಾವುದಾದರೂ ಒಂದರ ಕಡಿತಕ್ಕೆ ಮಗುವಿನ ಮೈ ಅತಿಯಾಗಿ ಉತ್ತರ ಕೊಡುತ್ತಿದೆ ಎಂದು ಅದರ ಅರ್ಥ. ಸಾಮಾನ್ಯವಾಗಿ 2ರಿಂದ 10 ವರ್ಷದ ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಎಳೆಗೂಸಿನ ಮೈಗೆ ಆ ಜೊಲ್ಲಿನ ಪರಿಚಯ ಇನ್ನೂ ಆಗಿರುವುದಿಲ್ಲ. ದೊಡ್ಡವರ ಮೈ ಕಡಿಸಿಕೊಂಡು ಕಡಿಸಿಕೊಂಡು ಒಗ್ಗಿಹೋಗಿರುತ್ತದೆ. ನಡುವಿನ ಆ ಕೆಲವು ವರ್ಷ ಮಗುವಿನ ಚರ್ಮ ಪ್ರತಿಯೊಂದು ಕಡಿತವನ್ನೂ ನೆನಪಿಟ್ಟುಕೊಂಡು ಜಗಳಕ್ಕೆ ನಿಲ್ಲುತ್ತದೆ. ಹೆಸರಿನಲ್ಲಿ ಅರ್ಟಿಕೇರಿಯಾ ಇದ್ದರೂ ಇದು ಊರಿನವರು ಹೇಳುವ ಪಿತ್ತದ ಗಂಧೆಯಲ್ಲ. ಗಂಧೆ ಎದ್ದ ಜಾಗದಲ್ಲಿ ಒಂದು ದಿನದೊಳಗೆ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ಈ ಗುಳ್ಳೆ ಅದೇ ಜಾಗದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕೂರುತ್ತದೆ. ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಬೆಳೆಯುವ ಮಗುವಿನ ತಟ್ಟೆಯಿಂದ ಮೊಟ್ಟೆ, ಶೇಂಗಾ ತೆಗೆದುಹಾಕಿದರೆ ಮಗು ಸೊರಗುತ್ತದೆಯೇ ಹೊರತು ಗುಳ್ಳೆ ಸೊರಗುವುದಿಲ್ಲ. ಆ ದಿನ ಅಜ್ಜಿಗೆ ನಾನು ಮೊದಲು ಹೇಳಿದ್ದು, ನಾಳೆಯಿಂದ ಮೊಟ್ಟೆ ಕೊಡಿ ಎಂದು.

ಹೆಜ್ಜೆ 1: ರಾತ್ರಿಯ ಬಟ್ಟೆ ಹಾಕಿಸಿ, ಹಗಲ ಬೆಳಕಿನಲ್ಲಿ ನೋಡಿ

ಟ್ಯೂಬ್‌ಲೈಟಿನ ಕೆಳಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ, ನಮ್ಮ ಕಡೆಯ ಕಂದು ಮೈಬಣ್ಣದಲ್ಲಂತೂ ಇನ್ನೂ ಕಷ್ಟ. ಬೆಳಿಗ್ಗೆ ಬಾಗಿಲ ಬಳಿ ಮಗುವನ್ನು ನಿಲ್ಲಿಸಿ. ರಾತ್ರಿ ಮಲಗುವಾಗ ಹಾಕಿದ್ದ ಬಟ್ಟೆಯೇ ಮೈಮೇಲಿರಲಿ. ಗುಳ್ಳೆಗಳು ಬಟ್ಟೆ ಮುಗಿಯುವ ಅಂಚಿನ ಆಚೆ ಇವೆಯೋ, ಬಟ್ಟೆಯ ಒಳಗೂ ಇವೆಯೋ ನೋಡಿ.

ತಿಗಣೆ ಬಟ್ಟೆಯನ್ನು ಚುಚ್ಚಿ ಕಚ್ಚುವುದಿಲ್ಲ. ಅದಕ್ಕೆ ರೆಕ್ಕೆಯಿಲ್ಲ, ಅದು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ನಡೆದುಕೊಂಡು ಬಂದು ತೆರೆದ ಚರ್ಮವನ್ನು ಹುಡುಕುತ್ತದೆ: ಮುಖ, ಕತ್ತು, ತೋಳು, ಕೈ, ಚಡ್ಡಿಯಿಂದ ಕೆಳಗಿನ ಕಾಲು. ಬಟ್ಟೆ ಸಡಿಲವಾಗಿದ್ದರೆ ಅಂಚಿನಿಂದ ಸ್ವಲ್ಪ ಒಳಗೂ ನುಸುಳಬಹುದು. ಸೊಳ್ಳೆಯಾದರೋ ತೆಳುವಾದ, ಮೈಗೆ ಅಂಟಿಕೊಂಡ ಬನಿಯನ್ನಿನ ಮೂಲಕವೂ ಚುಚ್ಚಬಲ್ಲದು.

ಈಗ ಸಾಲಿನ ವಿಷಯ. ತಿಗಣೆ ಹೆಚ್ಚಾಗಿ ಮೈಮೇಲೆ ಹತ್ತಿ ಕೂರುವುದಿಲ್ಲ. ಹಾಸಿಗೆಯ ಮೇಲೆ ನಿಂತೇ, ಚರ್ಮ ಹಾಸಿಗೆಗೆ ತಾಗುವ ಗೆರೆಯಲ್ಲಿ ಮೂತಿ ಚುಚ್ಚುತ್ತದೆ. ಹೊಟ್ಟೆ ತುಂಬಲು ಅದಕ್ಕೆ ಐದರಿಂದ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಮಗು ಕೈ ಅಲುಗಾಡಿಸಿದರೆ ಮೂತಿ ಹಿಂದೆಗೆದುಕೊಂಡು ಒಂದೆರಡು ಬೆರಳು ಆಚೆ ಮತ್ತೆ ಚುಚ್ಚುತ್ತದೆ. ರಕ್ತನಾಳ ಸಿಗದಿದ್ದರೂ ಹಾಗೆಯೇ ಮಾಡುತ್ತದೆ. ಕೆಲವೊಮ್ಮೆ ಎರಡು ಮೂರು ತಿಗಣೆಗಳು ಬಟ್ಟೆಯ ಅಂಚಿನ ಉದ್ದಕ್ಕೂ ಒಂದರ ಪಕ್ಕ ಒಂದು ನಿಂತು ಕಚ್ಚುವುದೂ ಉಂಟು. ಮೂರು ನಾಲ್ಕು ಗುಳ್ಳೆಗಳ ಸಾಲು ಮೂಡುವುದು ಹೀಗೆ.

ಆದರೆ ಸಾಲು ಕಂಡಿತೆಂದು ಅಲ್ಲಿಗೇ ತೀರ್ಪು ಕೊಡಬೇಡಿ. ತಿಗಣೆ ಹೆಚ್ಚಾದ ಮನೆಯಲ್ಲಿ ಗುಳ್ಳೆಗಳು ಸಾಲನ್ನೆಲ್ಲ ಮೀರಿ ಗುಂಪು ಗುಂಪಾಗಿ ಚೆಲ್ಲಾಡಿರುತ್ತವೆ. ಇತ್ತ ಸೊಳ್ಳೆಪರದೆಗೆ ಕೈ ಒತ್ತಿಕೊಂಡು ಮಲಗಿದ ಮಗುವಿಗೆ ಪರದೆಯ ಹೊರಗಿನಿಂದಲೇ ಸೊಳ್ಳೆಗಳು ಕಚ್ಚಿ, ಒತ್ತಿದ ಜಾಗದಲ್ಲಿ ಮಾತ್ರ ಗುಳ್ಳೆಗಳ ಸಾಲು ಏಳಬಹುದು. ಇನ್ನೊಂದು ಗೆರೆ ಇದೆ. ಭದ್ರಾ ನಾಲೆಯ ನೀರಿನ ಗದ್ದೆಗಳು ಹತ್ತಿರವಿರುವ ಮನೆಗಳವರು ಇದನ್ನು ತಿಳಿದಿರಬೇಕು. ಗದ್ದೆ ಬಯಲಿನಿಂದ ದೀಪದ ಬೆಳಕಿಗೆ ಬರುವ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪಟ್ಟೆಗಳಿರುವ ಸಣ್ಣ ಉದ್ದನೆಯ ಹುಳ ಮೈಮೇಲೆ ಜಜ್ಜಿಹೋದರೆ ಅದರ ರಸ ಹರಿದಲ್ಲೆಲ್ಲ ಸುಟ್ಟಂತೆ ಒಂದು ಪಟ್ಟಿ ಏಳುತ್ತದೆ. ಅದು ಬಿಡಿಬಿಡಿ ಗುಳ್ಳೆಗಳ ಸಾಲಲ್ಲ, ಒಂದೇ ಮುಂದುವರಿದ ಗೀಟು. ತುರಿಕೆಗಿಂತ ಉರಿ ಹೆಚ್ಚು. ಅದು ಕಡಿತವೇ ಅಲ್ಲ. ಸೋಪು ನೀರಿನಲ್ಲಿ ತೊಳೆದು, ಕೈಯನ್ನು ಕಣ್ಣಿಗೆ ತಾಗಿಸದಂತೆ ನೋಡಿಕೊಳ್ಳಬೇಕು.

ಬೆರಳ ಸಂದು, ಮಣಿಕಟ್ಟಿನ ಒಳಭಾಗ, ಹೊಕ್ಕುಳ ಸುತ್ತ, ತೊಡೆಸಂದುಗಳಲ್ಲಿ ಗುಳ್ಳೆಗಳಿದ್ದು ಮನೆಯಲ್ಲಿ ಇನ್ನೂ ಒಬ್ಬಿಬ್ಬರು ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಿ. ಅದು ಕಜ್ಜಿ ಇರಬಹುದು. ಅದರ ಚಿಕಿತ್ಸೆ ಬೇರೆ, ಇಡೀ ಮನೆಗೆ ಒಂದೇ ದಿನ ಆಗಬೇಕಾದದ್ದು.

ಹೆಜ್ಜೆ 2: ಪೆನ್ನು ಹಿಡಿದು ಐದು ದಿನ

ನನ್ನ ಅನುಭವದಲ್ಲಿ ಇದಕ್ಕಿಂತ ಉಪಯೋಗದ ಸಾಧನ ಇನ್ನೊಂದಿಲ್ಲ. ಸಾಮಾನ್ಯ ಬಾಲ್‌ಪೆನ್ನು ಸಾಕು. ಬೆಳಿಗ್ಗೆ ಮಗು ಎದ್ದ ಕೂಡಲೇ, ಸ್ನಾನಕ್ಕೆ ಮೊದಲು, ಕಂಡ ಪ್ರತಿ ಗುಳ್ಳೆಯ ಸುತ್ತ ಒಂದು ಸುತ್ತು ಹಾಕಿ. ರಾತ್ರಿ ಮಲಗಿಸುವ ಮೊದಲು ಮತ್ತೆ ನೋಡಿ. ಹಗಲಿನಲ್ಲಿ ಹೊಸದಾಗಿ ಎದ್ದದ್ದಕ್ಕೆ ಸುತ್ತಿನ ಬದಲು ಚೌಕ ಹಾಕಿ. ಎರಡೂ ಹೊತ್ತು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆಯೂ ಸಿಗುತ್ತದೆ. ಸ್ನಾನದಲ್ಲಿ ಅಳಿಸಿಹೋದ ಗುರುತನ್ನು ಚಿತ್ರ ನೋಡಿ ಮತ್ತೆ ಬರೆಯಿರಿ. ಮಕ್ಕಳು ಇದನ್ನು ಆಟದಂತೆ ಒಪ್ಪಿಕೊಳ್ಳುತ್ತಾರೆ.

ಇದರಿಂದ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊಸ ಗುಳ್ಳೆ ಯಾವ ಹೊತ್ತಿನಲ್ಲಿ ಏಳುತ್ತಿದೆ? ಎದ್ದದ್ದು ಎಷ್ಟು ಹೊತ್ತು ಇರುತ್ತದೆ?

ಸೊಳ್ಳೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೃದುವಾದ, ನಡುವೆ ಬಿಳಿಚಿದ ಊತ ಏಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮರುದಿನ ಅದೇ ಜಾಗದಲ್ಲಿ ಗಟ್ಟಿಯಾದ ತುರಿಕೆಯ ಗುಳ್ಳೆ ಎದ್ದು ಎರಡು ಮೂರು ದಿನ ಉಳಿಯುತ್ತದೆ. ಸಂಜೆ ಅಂಗಳದಲ್ಲಿ ಆಡಿ ಬಂದ ಮಗುವಿನ ಮೈಮೇಲೆ ಅಲ್ಲೊಂದು ಇಲ್ಲೊಂದು ಚೌಕ ಹಾಕಬೇಕಾಗಿ ಬಂದು, ಬೆಳಿಗ್ಗೆಯ ಹೊತ್ತಿಗೆ ಅವು ಮಾಸಿದ್ದರೆ ಅದು ಸೊಳ್ಳೆಯ ಲೆಕ್ಕಕ್ಕೆ ಹೋಗುತ್ತದೆ.

ತಿಗಣೆಯ ಗುಳ್ಳೆ ಸಾಮಾನ್ಯವಾಗಿ ಬೆಳಿಗ್ಗೆಯ ಸುತ್ತುಗಳಲ್ಲಿ ಸಿಗುತ್ತದೆ. ಗಟ್ಟಿ, ಕೆಂಪು, ಗಮನಿಸಿ ನೋಡಿದರೆ ನಡುವೆ ಸೂಜಿಮೊನೆಯಷ್ಟು ಚುಕ್ಕೆ. ಮೂರು ನಾಲ್ಕು ದಿನಕ್ಕೆ ಹೋಗುವುದಿಲ್ಲ, ಒಂದು ವಾರ ತೆಗೆದುಕೊಳ್ಳುತ್ತದೆ. ಇಲ್ಲೊಂದು ತೊಡಕಿದೆ. ಮೊದಲ ಸಲ ತಿಗಣೆ ಕಚ್ಚಿಸಿಕೊಂಡ ಮೈ ಕೂಡಲೇ ಉತ್ತರ ಕೊಡುವುದಿಲ್ಲ. ಹತ್ತು ಹದಿನಾಲ್ಕು ದಿನ ತಡವಾಗಿಯೂ ಗುಳ್ಳೆ ಏಳಬಹುದು. ಆಮೇಲಾಮೇಲೆ ಕಚ್ಚಿದಾಗ ಬೇಗ ಏಳುತ್ತದೆ. ಆದ್ದರಿಂದ "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದ?" ಎಂದು ಮಾತ್ರ ಕೇಳಿಕೊಂಡರೆ ಸಾಲದು. ಎರಡು ಮೂರು ವಾರ ಹಿಂದಕ್ಕೆ ಹೋಗಿ: ಯಾರ ಮನೆಗೆ ಹೋಗಿದ್ದಿರಿ, ಯಾರು ಬಂದು ಉಳಿದಿದ್ದರು, ಹಳೆಯ ಮಂಚ, ಸೋಫಾ ಏನಾದರೂ ಕೊಂಡಿರಾ?

ಹೆಜ್ಜೆ 3: ಹಳೆಯ ಗುಳ್ಳೆಗಳು ಕೆರಳುತ್ತಿವೆಯೇ?

ಪ್ಯಾಪ್ಯುಲರ್ ಅರ್ಟಿಕೇರಿಯಾದ ಗುಳ್ಳೆಗಳು ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಹೆಚ್ಚು ಕಡಿಮೆ ಸಮವಾಗಿರುತ್ತವೆ: ಎರಡೂ ಕಾಲುಗಳ ಮುಂಭಾಗ, ಎರಡೂ ಕೈಗಳ ಹೊರಭಾಗ, ಕೆಲವರಿಗೆ ಸೊಂಟದ ಸುತ್ತ. ಕಂಕುಳು, ಅಂಗೈ, ಅಂಗಾಲು, ಡೈಪರ್ ಮುಚ್ಚುವ ಭಾಗ ಬಹುತೇಕ ಸ್ವಚ್ಛ. ಸಾಸಿವೆ ಕಾಳಿನಿಂದ ಕಡಲೆಯ ಗಾತ್ರದವರೆಗಿನ ಗಟ್ಟಿ ಗುಳ್ಳೆ, ಕೆಲವದರ ತುದಿಯಲ್ಲಿ ಒಂದು ಹನಿ ನೀರು ತುಂಬಿದಂತೆ. ಕೆರೆದರೆ ಹಕ್ಕಳೆ, ಹಕ್ಕಳೆ ಉದುರಿದರೆ ಕಪ್ಪು ಕಲೆ.

ಇದರ ನಿಜವಾದ ಗುರುತು ಪೆನ್ನಿನ ಸುತ್ತುಗಳಲ್ಲಿ ಕಾಣುತ್ತದೆ. ಎಲ್ಲಿಯೋ ಒಂದು ಕಡೆ ಹೊಸ ಕಡಿತವಾದ ದಿನ, ಒಣಗುತ್ತಿದ್ದ ಹಳೆಯ ಗುಳ್ಳೆಗಳೆಲ್ಲ ಮತ್ತೆ ಕೆಂಪಾಗಿ ಊದುತ್ತವೆ. ಅಲ್ಲಿ ಯಾರೂ ಹೊಸದಾಗಿ ಕಚ್ಚಿರುವುದಿಲ್ಲ. ಮೈ ಹಳೆಯ ಜಾಗಗಳನ್ನು ನೆನಪಿಸಿಕೊಳ್ಳುತ್ತಿದೆ, ಅಷ್ಟೆ. ಇದು ಗೊತ್ತಿಲ್ಲದೆ ತಾಯಂದಿರು "ಒಂದೇ ರಾತ್ರಿಯಲ್ಲಿ ಇಪ್ಪತ್ತು ಕಡೆ ಕಚ್ಚಿದೆ" ಎಂದು ಹೆದರುತ್ತಾರೆ. ಹೊಸ ಕಡಿತ ಎರಡೇ ಇರಬಹುದು, ಉಳಿದ ಹದಿನೆಂಟು ಹಳೆಯವು. ಎಣಿಸಬೇಕಾದದ್ದು ಹೊಸ ಜಾಗಗಳನ್ನು ಮಾತ್ರ.

ನಿಟುವಳ್ಳಿಯ ಹುಡುಗನ ಐದು ದಿನ ಹೀಗಿತ್ತು. ಮೊದಲ ದಿನದ ನಾಲ್ಕು ಗುಳ್ಳೆ ಎಡಗೈಯಲ್ಲಿ. ಎರಡನೆಯ ಬೆಳಿಗ್ಗೆ ಹೊಸದೇನೂ ಇಲ್ಲ. ಎರಡನೆಯ ಸಂಜೆ ಬಲಗಾಲಿನಲ್ಲಿ ಒಂದು, ಕಿವಿಯ ಬಳಿ ಒಂದು, ಎರಡಕ್ಕೂ ತಾಯಿ ಚೌಕ ಹಾಕಿದ್ದರು. ಬೆಳಗಾಗುವಷ್ಟರಲ್ಲಿ ಎರಡೂ ಮಾಸಿದ್ದವು. ಮೂರನೆಯ ಬೆಳಿಗ್ಗೆ ಎಡಗಿವಿಯ ಕೆಳಗೆ ಕತ್ತಿನ ಉದ್ದಕ್ಕೆ ಮೂರು ಗುಳ್ಳೆಗಳ ಹೊಸ ಸಾಲು. ಅದೇ ದಿನ ಮಧ್ಯಾಹ್ನ ಕಾಲುಗಳ ಹಳೆಯ ಗುಳ್ಳೆಗಳೆಲ್ಲ ಕೆರಳಿದವು. ಆದರೆ ಪ್ರತಿಯೊಂದೂ ಮೊದಲೇ ಹಾಕಿದ್ದ ಸುತ್ತಿನ ಒಳಗೇ ಇತ್ತು. ಐದನೆಯ ಬೆಳಿಗ್ಗೆ ಎಡ ಮಣಿಕಟ್ಟಿನಲ್ಲಿ ಎರಡು.

ಅಂದರೆ ಕಾಲಿನವು ಕಳೆದ ಮಳೆಗಾಲದ ಸೊಳ್ಳೆಗಳಿಂದ ಶುರುವಾದ ಅಲರ್ಜಿ. ಸಂಜೆಯವು ಈಗಿನ ಸೊಳ್ಳೆ. ಬೆಳಗಿನ ಸಾಲುಗಳು ಬೇರೆ, ಅವೆಲ್ಲವೂ ಎಡಗಡೆ. "ಇವನು ಯಾವ ಮಗ್ಗುಲಲ್ಲಿ ಮಲಗುತ್ತಾನೆ?" ಎಂದು ಕೇಳಿದೆ. ಅಜ್ಜಿಗೂ ಗೋಡೆಗೂ ನಡುವೆ ಮಲಗುತ್ತಾನೆ, ಎಡಮೈ ಗೋಡೆಯ ಕಡೆಗಿರುತ್ತದೆ ಎಂದರು. ಜಾತ್ರೆಗೆ ಬಂದ ನೆಂಟರು ಅದೇ ಕೋಣೆಯಲ್ಲಿ ನಾಲ್ಕು ರಾತ್ರಿ ಉಳಿದಿದ್ದರು, ಅವರ ಚೀಲಗಳೂ ಹೊದಿಕೆಗಳೂ ಮಂಚದ ಮೇಲೆಯೇ ಇದ್ದವು ಎಂಬುದು ಆಗ ನೆನಪಾಯಿತು.

ಹೆಜ್ಜೆ 4: ಹಾಸಿಗೆಯನ್ನೇ ಕೇಳಿ

ಚರ್ಮ ಅನುಮಾನ ಹುಟ್ಟಿಸಬಲ್ಲದು, ಖಾತ್ರಿ ಮಾಡಲಾರದು. ಎಷ್ಟೇ ಅನುಭವಿ ವೈದ್ಯರಾದರೂ ಗುಳ್ಳೆಯೊಂದನ್ನೇ ನೋಡಿ ಇದು ತಿಗಣೆಯೇ ಎಂದು ಆಣೆ ಮಾಡಲಾಗದು. ಖಾತ್ರಿ ಸಿಗುವುದು ಹಾಸಿಗೆಯಲ್ಲಿ.

ಟಾರ್ಚು, ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡು, ಹಳೆಯ ಎಟಿಎಂ ಕಾರ್ಡಿನಂತಹ ತೆಳುವಾದ ಗಟ್ಟಿ ತುಂಡು ಸಾಕು. ಮೊದಲು ಕೌದಿ. ಪದರ ಪದರವಾಗಿ ಕೈಹೊಲಿಗೆ ಹಾಕಿದ ಕೌದಿಯಷ್ಟು ಒಳ್ಳೆಯ ಅಡಗುತಾಣ ತಿಗಣೆಗೆ ಬೇರೆ ಇಲ್ಲ. ಅಂಚಿನ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತಾ ನಾಲ್ಕೂ ಬದಿ ನೋಡಿ. ಆಮೇಲೆ ಹತ್ತಿ ಹಾಸಿಗೆಯ ಹೊಲಿಗೆ, ದಿಂಬಿನ ಗವಸಿನ ಒಳಮೂಲೆ. ಕಂಬಳಿ ಇದ್ದರೆ ಅದರ ಅಂಚು. ಆಮೇಲೆ ಮಂಚದ ಕೀಲುಗಳು, ಬೋಲ್ಟ್ ಕೂರುವ ರಂಧ್ರ, ಹಲಗೆಗಳ ಸಂದು. ಸಂದಿಗೆ ಕಾರ್ಡು ತೂರಿಸಿ ಎಳೆಯಿರಿ. ಕೊನೆಗೆ ಮಂಚಕ್ಕೆ ತಾಗಿದ ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂಭಾಗ, ಸ್ವಿಚ್ ಬೋರ್ಡಿನ ಅಂಚು.

ಹುಡುಕಬೇಕಾದದ್ದು ಏನು? ಶಾಯಿಪೆನ್ನಿನ ಮೊನೆ ತಾಗಿಸಿದಂತಹ ಕಪ್ಪು ಚುಕ್ಕೆಗಳ ಗುಂಪು. ಅದು ತಿಗಣೆಯ ಹಿಕ್ಕೆ, ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದು ಕೆಂಪಾಗಿ ಹರಡುತ್ತದೆ. ಧೂಳಿನ ಚುಕ್ಕೆ ಹಾಗೆ ಹರಡುವುದಿಲ್ಲ. ರವೆಯ ಕಾಳಿನಂತೆ ಬಿಳಿಯಾಗಿ ಅಂಟಿಕೊಂಡಿರುವುದು ಮೊಟ್ಟೆ. ಒಣ ಈರುಳ್ಳಿ ಸಿಪ್ಪೆಯ ಚೂರಿನಂತೆ ತೆಳುವಾಗಿ ಹೊಳೆಯುವುದು ಮರಿ ಕಳಚಿದ ಪೊರೆ. ಮರಿ ದೊಡ್ಡದಾಗುವಷ್ಟರಲ್ಲಿ ಐದು ಸಲ ಪೊರೆ ಕಳಚುತ್ತದೆ, ಪ್ರತಿ ಸಲಕ್ಕೂ ಅದಕ್ಕೆ ರಕ್ತ ಬೇಕು. ಬೆಳೆದ ತಿಗಣೆ ಅಕ್ಕಿಕಾಳಿನಷ್ಟು ಉದ್ದ, ಹಸಿದಿದ್ದರೆ ಚಪ್ಪಟೆ, ಕಂದು ಬಣ್ಣ. ರಕ್ತ ಕುಡಿದಿದ್ದರೆ ಉದ್ದನೆಯ ಕೆಂಪು ಮಣಿಯಂತೆ ಉಬ್ಬಿರುತ್ತದೆ.

ಹಗಲಿನಲ್ಲಿ ಏನೂ ಸಿಗದಿದ್ದರೆ ಬೆಳಗಿನ ಜಾವ ಮೂರರ ಸುಮಾರಿಗೆ ದೀಪ ಹಾಕದೆ, ಟಾರ್ಚನ್ನು ಒಮ್ಮೆಲೇ ಬಿಟ್ಟು ನೋಡಿ. ಅವು ಹೆಚ್ಚಾಗಿ ಹೊರಗೆ ಬರುವ ಹೊತ್ತು ಅದು. ಒಂದು ರಾತ್ರಿ ಸಿಗಲಿಲ್ಲವೆಂದು ಬಿಡಬೇಡಿ. ತಿಗಣೆ ದಿನವೂ ಉಣ್ಣುವುದಿಲ್ಲ, ಕೆಲವು ದಿನಕ್ಕೊಮ್ಮೆ ಬರುತ್ತದೆ. ಹುಡುಗನಿಗೆ ದಿನ ಬಿಟ್ಟು ದಿನ ಸಾಲು ಎದ್ದದ್ದೂ ಅದೇ ಕಾರಣಕ್ಕೆ.

ಆ ಮನೆಯಲ್ಲಿ ಹಾಸಿಗೆಯಲ್ಲಿ ಏನೂ ಸಿಗಲಿಲ್ಲ. ಗೋಡೆಯ ಕಡೆಯ ಮಂಚದ ಕೀಲನ್ನು ಬಿಚ್ಚಿದಾಗ ಪೊರೆಗಳು, ಎರಡು ಜೀವಂತ ತಿಗಣೆ, ಒಂದು ಎಳ್ಳಿನ ಗಾತ್ರದ ಮರಿ ಸಿಕ್ಕಿದವು. ಕೌದಿಯ ಒಂದು ಅಂಚಿನಲ್ಲಿ ಕಪ್ಪು ಚುಕ್ಕೆಗಳು. ತಾಯಿ ಅದರ ಚಿತ್ರ ಕಳುಹಿಸಿ, "ಮನೆ ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡರೂ ಹೀಗಾಯಿತಲ್ಲ" ಎಂದು ನೊಂದುಕೊಂಡರು. ತಿಗಣೆಗೆ ಬೇಕಾದದ್ದು ರಕ್ತ ಮತ್ತು ಸಂದು. ಕಸ ಇಲ್ಲದ ಮನೆಯಲ್ಲೂ ಅವೆರಡೂ ಇರುತ್ತವೆ. ನಾಚಿಕೆಯಿಂದ ಮುಚ್ಚಿಟ್ಟ ಮನೆಗಳಲ್ಲಿಯೇ ಇದು ಬೆಳೆಯುವುದನ್ನು ಕಂಡಿದ್ದೇನೆ, ಆದ್ದರಿಂದ ನೆಂಟರಿಗೂ ಹೇಳಿ ಎಂದು ಅವರಿಗೆ ತಿಳಿಸಿದೆ.

ಹೆಜ್ಜೆ 5: ಮಗುವಿನ ಮೈಗೆ

ಮೂರರಲ್ಲಿ ಯಾವುದೇ ಆಗಲಿ, ಚರ್ಮಕ್ಕೆ ಮಾಡಬೇಕಾದದ್ದು ಹೆಚ್ಚು ಕಡಿಮೆ ಒಂದೇ. ಉಗುರು ಚಿಕ್ಕದಾಗಿ ಕತ್ತರಿಸಿ. ತುರಿಕೆ ಹೆಚ್ಚಾದಾಗ ತಣ್ಣೀರಿನ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಕ್ಯಾಲಮೈನ್ ಲೋಷನ್ ಹಚ್ಚಬಹುದು. ನಿದ್ದೆ ಕೆಡುವಷ್ಟು ತುರಿಕೆಯಿದ್ದರೆ ವೈದ್ಯರು ಮಗುವಿನ ವಯಸ್ಸು, ತೂಕ ನೋಡಿ ಅಲರ್ಜಿಯ ಸಿರಪ್ ಬರೆದುಕೊಡುತ್ತಾರೆ. ಗುಳ್ಳೆ ಗಟ್ಟಿಯಾಗಿದ್ದರೆ ಸೌಮ್ಯವಾದ ಸ್ಟೀರಾಯ್ಡ್ ಮುಲಾಮನ್ನು ಕೆಲವು ದಿನ, ಗುಳ್ಳೆಯ ಮೇಲೆ ಮಾತ್ರ ಹಚ್ಚಲು ಹೇಳಬಹುದು.

ಈ ಹುಡುಗನಿಗೆ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಹದಿನೈದು ದಿನದಿಂದ ಹಚ್ಚುತ್ತಿದ್ದರು. ಟ್ಯೂಬಿನ ಹಿಂಬದಿ ಓದಿದರೆ ಅದರಲ್ಲಿ ತೀವ್ರವಾದ ಸ್ಟೀರಾಯ್ಡ್, ಬೂಷ್ಟಿನ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಬೆರೆತಿದ್ದವು. ಹಚ್ಚಿದ ಎರಡು ದಿನ ಕೆಂಪು ಇಳಿಯುತ್ತದೆ, ಆದ್ದರಿಂದ ಜನ ನಂಬುತ್ತಾರೆ. ದಿನ ಕಳೆದಂತೆ ಚರ್ಮ ತೆಳುವಾಗಿ ಬಿಳಿಚಿಕೊಳ್ಳುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಎಂಬ ಹೆಸರು ಕಂಡರೆ ವೈದ್ಯರನ್ನು ಕೇಳದೆ ಮಗುವಿಗೆ ಹಚ್ಚಬೇಡಿ. ಸುಣ್ಣ, ಟೂತ್‌ಪೇಸ್ಟ್, ಸೀಮೆಎಣ್ಣೆ ಬೇಡ. ಕರ್ಪೂರ ಕರಗಿಸಿದ ಎಣ್ಣೆ ಪುಟ್ಟ ಮಕ್ಕಳ ಬಳಿ ಇರಲೇಬಾರದು. ಅದು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಕಪ್ಪು ಕಲೆಗಳಿಗೆ ಏನೂ ಹಚ್ಚಬೇಕಾಗಿಲ್ಲ. ಹೊಸ ಕಡಿತ ನಿಂತರೆ ತಿಂಗಳುಗಳಲ್ಲಿ ತಾವೇ ಮಾಸುತ್ತವೆ.

ಹೆಜ್ಜೆ 6: ಮಂಚಕ್ಕೆ

ತಿಗಣೆಯನ್ನು ಕೊಲ್ಲುವುದು ಶಾಖ. 50 ಡಿಗ್ರಿ ದಾಟಿದ ಶಾಖದಲ್ಲಿ ಅದೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಆದರೆ ಆ ಶಾಖ ಅದು ಅಡಗಿರುವ ಜಾಗಕ್ಕೆ ತಲುಪಬೇಕು. ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಹಾಸಿಗೆ ಹಾಕಿದರೆ ಸಾಕೆಂದು ನಮ್ಮ ಕಡೆ ನಂಬಿಕೆ. ಮೇಲ್ಮೈ ಕೈ ಸುಡುವಂತಿದ್ದರೂ ಹತ್ತಿಯ ಒಳಗೆ, ಕೆಳಬದಿಯ ನೆರಳಿನಲ್ಲಿ ಅಷ್ಟು ಶಾಖ ಏರುವುದಿಲ್ಲ. ತಿಗಣೆ ಅತ್ತ ನಡೆದುಬಿಡುತ್ತದೆ, ಸಂಜೆ ಹಾಸಿಗೆಯ ಜೊತೆ ಅದೂ ಒಳಗೆ ಬರುತ್ತದೆ.

ಕೌದಿ, ಹೊದಿಕೆ, ಗವಸು, ಮಗುವಿನ ಬಟ್ಟೆಗಳನ್ನು ಕೋಣೆಯಲ್ಲಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಚ್ಚಲಿಗೆ ಒಯ್ಯಿರಿ. ಹೆಗಲ ಮೇಲೆ ಹಾಕಿಕೊಂಡು ನಡೆದರೆ ಮನೆಯೆಲ್ಲ ಉದುರುತ್ತವೆ. ಹಂಡೆಯ ಕುದಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಆಮೇಲೆ ಒಗೆಯಿರಿ. ಈ ಹೊತ್ತಿನಲ್ಲಿ ಮಗು ಬಚ್ಚಲ ಹತ್ತಿರ ಸುಳಿಯದಿರಲಿ. ಮರದ ಮಂಚವನ್ನು ಹೊರಗೆ ಒಯ್ದು ಕೀಲು ಬಿಚ್ಚಿ, ಪ್ರತಿ ಸಂದಿಗೂ ಕುದಿಯುವ ನೀರು ಸುರಿಯಿರಿ. ಹತ್ತಿ ಹಾಸಿಗೆಯ ಹೊಲಿಗೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಒತ್ತುತ್ತಾ ಹೋಗಿ, ನಂತರ ಪೂರ್ತಿ ಮುಚ್ಚುವ ಜಿಪ್ ಇರುವ ಕವರಿನೊಳಗೆ ಹಾಕಿ. ಗೋಡೆಯ ಬಿರುಕುಗಳಿಗೆ ಸಿಮೆಂಟೋ ಪುಟ್ಟಿಯೋ ತುಂಬಿ.

ಮತ್ತೆ ಜೋಡಿಸುವಾಗ ಮಂಚವನ್ನು ಗೋಡೆಯಿಂದ ಒಂದು ಅಡಿ ದೂರ ಇಡಿ. ನಾಲ್ಕೂ ಕಾಲುಗಳ ಕೆಳಗೆ ಅಗಲ ಬಟ್ಟಲು ಇಟ್ಟು ಸೋಪು ನೀರು ಹಾಕಿ. ಹೊದಿಕೆ ನೆಲಕ್ಕೆ ಜೋತುಬೀಳದಿರಲಿ. ತಿಗಣೆ ನಡೆದೇ ಬರಬೇಕಾದ್ದರಿಂದ ಆ ಬಟ್ಟಲು ದಾರಿಯನ್ನೂ ಕಡಿಯುತ್ತದೆ, ಇನ್ನೂ ಉಳಿದಿವೆಯೇ ಎಂಬ ಸುದ್ದಿಯನ್ನೂ ಕೊಡುತ್ತದೆ. ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ, ಸೊಳ್ಳೆಗೆ ಇನ್ನೊಂದು ಮನೆ ಮಾಡಿಕೊಡಬೇಡಿ. ಮಗುವನ್ನು ಬೇರೆ ಕೋಣೆಗೆ ಕಳುಹಿಸಬೇಡಿ, ತಿಗಣೆ ಹೊದಿಕೆಯ ಜೊತೆ ಅಲ್ಲಿಗೂ ಹೋಗುತ್ತದೆ.

ಒಂದೇ ಸಲಕ್ಕೆ ಮುಗಿಯುವುದಿಲ್ಲ. ತಪ್ಪಿಸಿಕೊಂಡ ಮೊಟ್ಟೆಗಳು ನಮ್ಮ ಸೆಖೆಯಲ್ಲಿ ಒಂದು ವಾರ ಹತ್ತು ದಿನದಲ್ಲಿ ಒಡೆಯುತ್ತವೆ. ಹತ್ತನೆಯ ದಿನ ಮತ್ತೊಮ್ಮೆ, ಇಪ್ಪತ್ತನೆಯ ದಿನ ಮಗದೊಮ್ಮೆ ಇದೇ ಕೆಲಸ ಮಾಡಿ. ಅಂಗಡಿಯ ಸ್ಪ್ರೇಗಳಿಗೆ ಹಲವು ಕಡೆ ತಿಗಣೆಗಳು ಒಗ್ಗಿಹೋಗಿವೆ, ಅವುಗಳನ್ನೇ ನಂಬಿ ಕೂರಬೇಡಿ. ಮನೆಯೆಲ್ಲ ಹರಡಿದ್ದರೆ ಕೀಟ ನಿಯಂತ್ರಣದ ತರಬೇತಿ ಇರುವವರನ್ನು ಕರೆಸಿ.

ಇದೊಂದನ್ನು ಕೈಮುಗಿದು ಕೇಳುತ್ತೇನೆ. ಮೆಕ್ಕೆಜೋಳ, ಭತ್ತ ತುಂಬಿಡುವ ಮನೆಗಳಲ್ಲಿ ಕಾಳಿಗೆ ಇಡುವ ಗುಳಿಗೆ ಇರುತ್ತದೆ, ಅಲ್ಯುಮಿನಿಯಂ ಫಾಸ್ಫೈಡ್. ಅದನ್ನು ತಿಗಣೆಗೆಂದು ಮಲಗುವ ಕೋಣೆಯಲ್ಲಿ ಎಂದೂ ಇಡಬೇಡಿ. ತೇವ ತಾಗಿದರೆ ಅದು ಬಿಡುವ ಅನಿಲ ಜನರನ್ನು ಮಲಗಿದಲ್ಲೇ ಕೊಂದಿದೆ. ಹೊಲಕ್ಕೆ ಹೊಡೆಯುವ ಔಷಧಿಯನ್ನೂ ಹಾಸಿಗೆಗೆ ಹೊಡೆಯಬೇಡಿ.

ಸೊಳ್ಳೆಯ ಪಾಲಿಗೆ ಪರದೆ, ಕಿಟಕಿಗೆ ಜಾಲರಿ, ಸಂಜೆ ಉದ್ದ ತೋಳಿನ ಬಟ್ಟೆ. ನಲ್ಲಿ ನೀರು ಬಂದಾಗ ತುಂಬಿಡುವ ಡ್ರಮ್ಮು, ತೊಟ್ಟಿಗಳನ್ನು ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಡೆಂಗಿ ತರುವ ಸೊಳ್ಳೆ ಹುಟ್ಟುವುದು ಅಲ್ಲಿ, ಅದು ಕಚ್ಚುವುದು ಹಗಲಿನಲ್ಲಿ. ತಿಗಣೆಯಿಂದ ಹಾಗೆ ಕಾಯಿಲೆ ಹರಡುವುದು ಕಂಡುಬಂದಿಲ್ಲ. ಆದ್ದರಿಂದ ತಿಗಣೆಯ ಗಲಾಟೆಯಲ್ಲಿ ಸೊಳ್ಳೆಯನ್ನು ಮರೆಯಬೇಡಿ.

ತಡಮಾಡಬಾರದ ಸಂದರ್ಭಗಳು

ಗುಳ್ಳೆಯ ಸುತ್ತ ಕೆಂಪು ಹರಡುತ್ತಾ ಹೋಗಿ ಮುಟ್ಟಿದರೆ ನೋವಾಗುತ್ತಿದ್ದರೆ, ಕೀವು ಅಥವಾ ಜೇನು ಬಣ್ಣದ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಕೆರೆದು ಸೋಂಕಾದ ಚರ್ಮ ವಾಸಿಯಾದ ಎರಡು ಮೂರು ವಾರದ ನಂತರವೂ ಮಗುವಿನ ಮುಖ ಬೆಳಿಗ್ಗೆ ಊದಿಕೊಂಡರೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಅದು ಮೂತ್ರಪಿಂಡದ ತೊಂದರೆಯಾಗಿರಬಹುದು, ಒಂದು ದಿನವೂ ಕಾಯಬೇಡಿ. ತುಟಿ ಊದಿ ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆ. ಒಂದೇ ಸೊಳ್ಳೆ ಕಡಿತಕ್ಕೆ ಕೆಲವು ಗಂಟೆಗಳಲ್ಲೇ ಇಡೀ ಕಣ್ಣೋ ಕೈಯೋ ಊದುವ ಮಕ್ಕಳೂ ಇದ್ದಾರೆ. ಅದು ಬಹುಮಟ್ಟಿಗೆ ಅಲರ್ಜಿಯೇ, ಆದರೆ ಸೋಂಕಲ್ಲ ಎಂದು ವೈದ್ಯರೇ ಹೇಳಬೇಕು.

ನಿಟುವಳ್ಳಿಯ ಮನೆಯಲ್ಲಿ ಎರಡನೆಯ ಸುತ್ತಿನ ಕುದಿನೀರಿನ ನಂತರ ಬಟ್ಟಲಿನಲ್ಲಿ ಒಂದು ಮರಿ ಸಿಕ್ಕಿತು. ಮೂರನೆಯದರ ನಂತರ ಏನೂ ಸಿಗಲಿಲ್ಲ. ಬೆಳಗಿನ ಸಾಲುಗಳು ನಿಂತವು. ಅವು ನಿಂತ ಎರಡು ವಾರಕ್ಕೆ ಕಾಲಿನ ಹಳೆಯ ಗುಳ್ಳೆಗಳೂ ಕೆರಳುವುದನ್ನು ಬಿಟ್ಟವು. ಮಳೆಗಾಲ ಶುರುವಾದಾಗ ಹುಡುಗನ ಕಾಲಿನಲ್ಲಿ ಮತ್ತೆ ಎರಡು ಗುಳ್ಳೆ ಎದ್ದಿವೆ ಎಂದು ತಾಯಿ ಚಿತ್ರ ಕಳುಹಿಸಿದ್ದರು. ಎರಡರ ಸುತ್ತಲೂ ಚೌಕ ಇತ್ತು.